ಫೋಟೊದಲ್ಲಿರುವ ಡಾರ್ಟ್ ಬೋರ್ಡ್: ಯಾವ ಬಳೆಗೆ ಎಷ್ಟು ಪಾಲು?

ಡಾರ್ಟ್ ಬೋರ್ಡಿನ ಒಂದು ಫೋಟೊ ಕೊಟ್ಟು, ‘ಟ್ರಿಬಲ್ ಬಳೆಗೆ ಡಾರ್ಟ್ ಬೀಳುವ ಸಂಭವನೀಯತೆ ಎಷ್ಟು?’ ಎಂದು ಕೇಳಿದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಬಳೆ ಎಷ್ಟು ಅಗಲವಿದೆ ಎಂದು ಕಣ್ಣಳತೆಯಲ್ಲಿ ನೋಡಿ ಒಂದು ಉತ್ತರ ಹೇಳಿಬಿಡುತ್ತಾರೆ. ಅಂಕವನ್ನು ಮೂರು ಪಟ್ಟು ಮಾಡುವ ಟ್ರಿಬಲ್, ಎರಡು ಪಟ್ಟು ಮಾಡುವ ಡಬಲ್ ಬಳೆಗಳೆರಡೂ ಒಂದೇ ಅಗಲ, ತಲಾ 8 ಮಿ.ಮೀ. ಆದರೂ ಡಬಲ್‌ಗೆ ಬೀಳುವ ಸಾಧ್ಯತೆ ಟ್ರಿಬಲ್‌ಗಿಂತ 1.6 ಪಟ್ಟು ಹೆಚ್ಚು. ಯಾಕೆಂದರೆ ಲೆಕ್ಕಕ್ಕೆ ಬರುವುದು ಅಗಲವಲ್ಲ, ವಿಸ್ತೀರ್ಣ. ಡಬಲ್ ಬಳೆ ಬೋರ್ಡಿನ ಹೊರಸುತ್ತಿನಲ್ಲಿದೆ, ಅದರ ಸುತ್ತಳತೆ ದೊಡ್ಡದು.

ಮೊದಲು ಒಂದು ಷರತ್ತನ್ನು ಒಪ್ಪಿಕೊಳ್ಳಬೇಕು. ಡಾರ್ಟ್ ಅಂಕ ಸಿಗುವ ಭಾಗದೊಳಗೆ ಎಲ್ಲೋ ಒಂದು ಕಡೆ ಬಿದ್ದಿದೆ, ಅಲ್ಲಿನ ಪ್ರತಿ ಚದರ ಮಿಲಿಮೀಟರಿಗೂ ಸಮಾನ ಅವಕಾಶ ಇತ್ತು ಎನ್ನುವುದೇ ಆ ಷರತ್ತು. ಗುರಿಯಿಟ್ಟು ಎಸೆಯುವವರಿಗೆ ಇದು ಹೊಂದುವುದಿಲ್ಲ, ಆ ಮಾತಿಗೆ ಕೊನೆಯಲ್ಲಿ ಬರೋಣ. ಷರತ್ತು ಒಪ್ಪಿದ ಮೇಲೆ ಸಂಭವನೀಯತೆ ಎಂದರೆ ಬರೀ ಒಂದು ಭಾಗಾಕಾರ: ಬೇಕಾದ ಭಾಗದ ವಿಸ್ತೀರ್ಣವನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸುವುದು.

ಆ ‘ಒಟ್ಟು’ ಯಾವುದು ಎಂಬಲ್ಲೇ ಮೊದಲ ತಪ್ಪು ನುಸುಳುತ್ತದೆ. ಫೋಟೊದಲ್ಲಿ ಎದ್ದು ಕಾಣುವ ದೊಡ್ಡ ವೃತ್ತ ಬೋರ್ಡಿನ ಅಂಚು. ಪ್ರಮಾಣಿತ ಬೋರ್ಡಿನಲ್ಲಿ ಅದರ ವ್ಯಾಸ 451 ಮಿ.ಮೀ. ಆದರೆ ಅಂಕ ಸಿಗುವುದು ಡಬಲ್ ಬಳೆಯ ಹೊರತಂತಿಯವರೆಗೆ ಮಾತ್ರ, ಅಂದರೆ 340 ಮಿ.ಮೀ. ವ್ಯಾಸದ ವೃತ್ತದೊಳಗೆ. ಅದರಾಚೆ ಅಂಕಿಗಳನ್ನು ತೂಗುಹಾಕಿರುವ ಕಪ್ಪು ಪಟ್ಟಿಗೆ ಬಿದ್ದರೆ ಸೊನ್ನೆ. ಆ ಕಪ್ಪು ಪಟ್ಟಿ ನೋಡಲು ಕಿರಿದು, ವಿಸ್ತೀರ್ಣದಲ್ಲಿ ಮಾತ್ರ ಇಡೀ ಬೋರ್ಡಿನ 43 ಶೇಕಡಾ. ಅದನ್ನೂ ಸೇರಿಸಿ ಭಾಗಿಸಿದರೆ ಡಬಲ್‌ನ ಸಂಭವನೀಯತೆ 9.2 ಶೇಕಡಾದಿಂದ 5.2ಕ್ಕೆ ಇಳಿಯುತ್ತದೆ. ಎರಡೂ ಉತ್ತರ ಸರಿಯೇ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರ. ಇಲ್ಲಿ ಮುಂದಿನದೆಲ್ಲ 340 ಮಿ.ಮೀ. ವೃತ್ತದ ಲೆಕ್ಕ.

ಅಳತೆ

ನೇರ ಎದುರಿನಿಂದ ತೆಗೆದ ಒಂದು ಫೋಟೊವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರಲ್ಲಿ ಡಬಲ್‌ನ ಹೊರತಂತಿಯ ವ್ಯಾಸ 1360 ಪಿಕ್ಸೆಲ್ ಬಂತು ಎನ್ನೋಣ. ಚಿತ್ರ ತಿದ್ದುವ ಯಾವ ಸಾಫ್ಟ್‌ವೇರಿನಲ್ಲೂ ಎರಡು ಬಿಂದುಗಳ ನಡುವಿನ ಅಂತರ ಅಳೆಯುವ ಸೌಲಭ್ಯ ಇರುತ್ತದೆ, ಅದು ಸಾಕು. ತ್ರಿಜ್ಯವನ್ನು ಅಳೆಯಲು ಹೋಗಬೇಡಿ, ವ್ಯಾಸವನ್ನೇ ಅಳೆಯಿರಿ. ಬೋರ್ಡಿನ ನಡುವಿನ ಚಿಕ್ಕ ವೃತ್ತವಾದ ಬುಲ್‌ನ ನಟ್ಟನಡು ಬಿಂದು ಯಾವುದೆಂದು ಫೋಟೊದಲ್ಲಿ ಗುರುತಿಸುವುದು ಕಷ್ಟ, ತಂತಿಯ ಅಂಚು ಹಾಗಲ್ಲ, ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ವೃತ್ತವನ್ನೂ ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ ಅಳೆಯಬೇಕು. ಎರಡೂ ಒಂದೇ ಬಂದರೆ ಕ್ಯಾಮೆರಾ ನೇರವಾಗಿತ್ತು ಎಂದು ನಂಬಬಹುದು.

ವಿಸ್ತೀರ್ಣಗಳನ್ನು ಒಂದರಿಂದ ಒಂದು ಭಾಗಿಸುವಾಗ π ಹೊಡೆದುಹೋಗುತ್ತದೆ, ವ್ಯಾಸವನ್ನು ಅರ್ಧ ಮಾಡುವುದೂ ಬೇಕಿಲ್ಲ. ವ್ಯಾಸದ ವರ್ಗಗಳನ್ನು ಕಳೆದು ಭಾಗಿಸಿದರೆ ಆಯಿತು. ಟ್ರಿಬಲ್‌ನ ಹೊರವ್ಯಾಸ 856, ಒಳವ್ಯಾಸ 792 ಪಿಕ್ಸೆಲ್ ಎಂದಾದರೆ:

```
(856² − 792²) / 1360²
= (732736 − 627264) / 1849600
= 105472 / 1849600
≈ 0.0570
```

ಉಳಿದವೂ ಹೀಗೆಯೇ.

| ಭಾಗ | ಒಳವ್ಯಾಸ | ಹೊರವ್ಯಾಸ | ಪಾಲು (%) |
|---|---|---|---|
| ಒಳಬುಲ್ (50) | 0 | 51 | 0.14 |
| ಹೊರಬುಲ್ (25) | 51 | 127 | 0.73 |
| ಒಳಗಿನ ಸಿಂಗಲ್ | 127 | 792 | 33.04 |
| ಟ್ರಿಬಲ್ | 792 | 856 | 5.70 |
| ಹೊರಗಿನ ಸಿಂಗಲ್ | 856 | 1296 | 51.19 |
| ಡಬಲ್ | 1296 | 1360 | 9.19 |

ಒಟ್ಟು ಕೂಡಿದರೆ 99.99 ಬರುತ್ತದೆ, ಆ ಕೊರತೆ ದಶಮಾಂಶ ಕತ್ತರಿಸಿದ್ದರಿಂದ ಆದದ್ದು. 98ಕ್ಕೋ 103ಕ್ಕೋ ಹೋದರೆ ಯಾವುದೋ ಬಳೆಯ ಒಳವ್ಯಾಸವೂ ಅದರ ಹಿಂದಿನ ಬಳೆಯ ಹೊರವ್ಯಾಸವೂ ತಾಳೆಯಾಗುತ್ತಿಲ್ಲ ಎಂದು ತಿಳಿಯಬೇಕು. ತಂತಿಯ ಒಂದು ಅಂಚನ್ನು ಒಮ್ಮೆ, ಇನ್ನೊಂದು ಅಂಚನ್ನು ಮತ್ತೊಮ್ಮೆ ಹಿಡಿದಾಗ ಹೀಗಾಗುತ್ತದೆ. ಇನ್ನೊಂದು ತಾಳೆಯೂ ಇದೆ: ಪ್ರಮಾಣಿತ ಬೋರ್ಡಿನಲ್ಲಿ ಟ್ರಿಬಲ್‌ನ ಹೊರವ್ಯಾಸ 214 ಮಿ.ಮೀ. 214ನ್ನು 340ರಿಂದ ಭಾಗಿಸಿದರೆ 0.629, ನಮ್ಮ 856ನ್ನು 1360ರಿಂದ ಭಾಗಿಸಿದರೂ 0.629. ಇದು ಹೊಂದದಿದ್ದರೆ ಅಳತೆ ತಪ್ಪಿದೆ, ಇಲ್ಲವೇ ಫೋಟೊದಲ್ಲಿರುವುದು ಮಕ್ಕಳ ಆಟಿಕೆಯ ಬೋರ್ಡು.

ಅಳತೆಯಲ್ಲಿ ಆಗುವ ಸಣ್ಣ ತಪ್ಪು ಎಲ್ಲ ಭಾಗಗಳಿಗೂ ಒಂದೇ ಪ್ರಮಾಣದಲ್ಲಿ ತಟ್ಟುವುದಿಲ್ಲ. ತಂತಿಯ ಹೊಳಪಿನಿಂದಾಗಿ ವ್ಯಾಸದಲ್ಲಿ 4 ಪಿಕ್ಸೆಲ್ ತಪ್ಪಾಯಿತು ಎನ್ನಿ. ಅತಿ ಹೊರಗಿನ ವೃತ್ತದಲ್ಲಿ ತಪ್ಪಿದರೆ ಅದರ ವಿಸ್ತೀರ್ಣ ಅರ್ಧ ಶೇಕಡಾದಷ್ಟು ಅತ್ತಿತ್ತ ಆಗುತ್ತದೆ, ಅಷ್ಟೇ. ಟ್ರಿಬಲ್‌ನ ಒಳವ್ಯಾಸ 792ರ ಬದಲು 788 ಎಂದು ಬಂದರೆ 5.70 ಇದ್ದದ್ದು 6.04 ಆಗುತ್ತದೆ. ಒಳಬುಲ್ 51ರ ಬದಲು 55 ಎಂದು ಬಂದರಂತೂ ಅದರ ಪಾಲು 16 ಶೇಕಡಾ ಉಬ್ಬುತ್ತದೆ. ಹಾಗಾಗಿ ಬುಲ್ ಅಳೆಯುವಾಗ ಚಿತ್ರವನ್ನು ಚೆನ್ನಾಗಿ ಹಿಗ್ಗಿಸಿಕೊಂಡು ಮೂರ್ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು.

ಓರೆಯಾಗಿ ತೆಗೆದ ಫೋಟೊ

ನಿಜವಾದ ಫೋಟೊಗಳಲ್ಲಿ ಬೋರ್ಡು ದುಂಡಗೆ ಇರುವುದು ಕಡಿಮೆ. ಬೋರ್ಡಿನ ನಡುವನ್ನು ನೆಲದಿಂದ 1.73 ಮೀಟರ್ ಎತ್ತರಕ್ಕೆ ತೂಗುಹಾಕುತ್ತಾರೆ, ಕ್ಯಾಮೆರಾ ಅದಕ್ಕಿಂತ ಕೆಳಗಿರುತ್ತದೆ. ವೃತ್ತ ಆಗ ದೀರ್ಘವೃತ್ತವಾಗುತ್ತದೆ. ಅಡ್ಡಕ್ಕೆ 1360, ಉದ್ದಕ್ಕೆ 1200 ಪಿಕ್ಸೆಲ್ ಬಂದಿದೆ ಎನ್ನೋಣ. 1200ನ್ನು 1360ರಿಂದ ಭಾಗಿಸಿದರೆ 0.88, ಅಂದರೆ ಕ್ಯಾಮೆರಾ ಸುಮಾರು 28 ಡಿಗ್ರಿ ಓರೆಯಾಗಿತ್ತು.

ಫೋಟೊವನ್ನು ದೂರದಿಂದ ಜೂಮ್ ಮಾಡಿ ತೆಗೆದಿದ್ದರೆ ಈ ಓರೆಯಿಂದ ಹೆಚ್ಚೇನೂ ತೊಂದರೆಯಿಲ್ಲ. ಚಿತ್ರ ಮೇಲಿನಿಂದ ಕೆಳಕ್ಕೆ ಒತ್ತಿದಂತಾಗಿದೆ, ಪ್ರತಿ ಭಾಗವೂ 0.88 ಪಟ್ಟಿಗೆ ಕುಗ್ಗಿದೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿದಾಗ ಅನುಪಾತ ಹಾಗೇ ಉಳಿಯುತ್ತದೆ. ವ್ಯಾಸದ ವರ್ಗದ ಬದಲು ಅಡ್ಡವ್ಯಾಸ ಮತ್ತು ಉದ್ದವ್ಯಾಸಗಳ ಗುಣಲಬ್ಧ ಹಾಕಿದರೆ ಮೇಲಿನ ಕೋಷ್ಟಕವೇ ಮತ್ತೆ ಬರುತ್ತದೆ.

ಮೋಸಹೋಗುವುದು ಹೋಳುಗಳ ವಿಷಯದಲ್ಲಿ. ಬೋರ್ಡಿನಲ್ಲಿ 20 ಹೋಳು, ಪ್ರತಿಯೊಂದಕ್ಕೂ 18 ಡಿಗ್ರಿ. ಒತ್ತಿದ ಈ ಚಿತ್ರದ ಮೇಲೆ ಕೋನಮಾಪಕ ಇಟ್ಟರೆ ಮೇಲ್ತುದಿಯ 20ರ ಹೋಳು 20.4 ಡಿಗ್ರಿ ತೋರಿಸುತ್ತದೆ, ಬಲಬದಿಯ 6ರ ಹೋಳು 15.9 ಡಿಗ್ರಿ. ‘20ಕ್ಕೆ ಬೀಳುವ ಸಾಧ್ಯತೆ ಹೆಚ್ಚು’ ಎಂದು ಇಲ್ಲಿ ತೀರ್ಮಾನಿಸುವವರಿದ್ದಾರೆ. ಆದರೆ ಅದೇ ಚಿತ್ರದಲ್ಲಿ 20ರ ಹೋಳು ಅಗಲವಾದಷ್ಟೂ ಗಿಡ್ಡವಾಗಿದೆ, 6ರ ಹೋಳು ಸಪೂರವಾಗಿದ್ದರೂ ಉದ್ದ ಹಾಗೇ ಉಳಿಸಿಕೊಂಡಿದೆ. ಎರಡರ ವಿಸ್ತೀರ್ಣವೂ ಇಪ್ಪತ್ತರಲ್ಲಿ ಒಂದು ಪಾಲೇ. ದೀರ್ಘವೃತ್ತದಲ್ಲಿ ಕೋನ ನೋಡಿ ಸಂಭವನೀಯತೆ ಹೇಳಬಾರದು.

ಹತ್ತಿರದಿಂದ ತೆಗೆದ ಫೋಟೊದ ಕಥೆ ಬೇರೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದರಿಂದ ಅನುಪಾತವೇ ಕೆಡುತ್ತದೆ. ಇದನ್ನು ಪತ್ತೆಹಚ್ಚಲು ಒಂದು ಸುಲಭದ ದಾರಿ ಇದೆ. ಬುಲ್‌ನ ನಡುವಿನಿಂದ ಮೇಲಿನ ಹೊರತಂತಿಗೆ ಎಷ್ಟು, ಕೆಳಗಿನ ಹೊರತಂತಿಗೆ ಎಷ್ಟು ಎಂದು ಅಳೆಯಿರಿ. ದೂರದ ಫೋಟೊದಲ್ಲಿ ಎರಡೂ ಸಮ ಇರುತ್ತವೆ. ಅದೇ 28 ಡಿಗ್ರಿ ಓರೆಯಲ್ಲಿ, ಒಂದೇ ಮೀಟರ್ ದೂರದಿಂದ, ಕೆಳಗಿನಿಂದ ಕ್ಯಾಮೆರಾ ಹಿಡಿದರೆ ಮೇಲೆ 556 ಪಿಕ್ಸೆಲ್ ಇದ್ದಾಗ ಕೆಳಗೆ 652 ಆಗುತ್ತದೆ. 652ನ್ನು 556ರಿಂದ ಭಾಗಿಸಿದರೆ ಸುಮಾರು 1.17.

ಹದಿನೇಳು ಶೇಕಡಾ ವ್ಯತ್ಯಾಸ ತಾನೆ ಎಂದು ಬಿಟ್ಟುಬಿಡುವಂತಿಲ್ಲ. ಸಮತಲದ ಚಿತ್ರದಲ್ಲಿ ಒಂದು ಚಿಕ್ಕ ತುಣುಕಿನ ವಿಸ್ತೀರ್ಣ ಕ್ಯಾಮೆರಾದಿಂದ ಅದಿರುವ ಆಳದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅಗಲ ಒಮ್ಮೆ, ಎತ್ತರ ಒಮ್ಮೆ ಕುಗ್ಗುವುದು ಸರಿ, ಮೂರನೆಯದು ಎಲ್ಲಿಂದ ಬಂತು? ದೂರದ ತುಣುಕನ್ನು ಕ್ಯಾಮೆರಾ ಇನ್ನಷ್ಟು ಓರೆಯಲ್ಲಿ ನೋಡುತ್ತದೆ, ಆ ಕುಗ್ಗುವಿಕೆ ಸೇರಿ ಮೂರು. ಹಾಗಾಗಿ 1.17ರ ಘನ, ಅಂದರೆ 1.6 ಪಟ್ಟು. ಬೋರ್ಡಿನ ಕೆಳತುದಿಯಲ್ಲಿರುವ 3ರ ಡಬಲ್, ಮೇಲ್ತುದಿಯ 20ರ ಡಬಲ್‌ಗಿಂತ ಫೋಟೊದಲ್ಲಿ 1.6 ಪಟ್ಟು ದೊಡ್ಡದಾಗಿರುತ್ತದೆ, ಗೋಡೆಯ ಮೇಲೆ ಅವೆರಡೂ ಸಮ. ಇಂಥ ಫೋಟೊದಲ್ಲಿ ಪಿಕ್ಸೆಲ್ ಎಣಿಸಿ ಲೆಕ್ಕ ಹಾಕಿದರೆ ಉತ್ತರ ಬೋರ್ಡಿನದಲ್ಲ, ಕ್ಯಾಮೆರಾದ್ದು.

ಪರಿಹಾರ ಎಂದರೆ ಲೆಕ್ಕಕ್ಕಿಂತ ಮುಂಚೆ ಚಿತ್ರವನ್ನು ನೇರ ಮಾಡಿಕೊಳ್ಳುವುದು. 20, 6, 3, 11ರ ಹೋಳುಗಳ ನಡುಗೆರೆ ಡಬಲ್‌ನ ಹೊರತಂತಿಯನ್ನು ಮುಟ್ಟುವ ನಾಲ್ಕು ಬಿಂದುಗಳನ್ನು ಗುರುತಿಸಿ, ಅವು ಒಂದು ಸರಿಯಾದ ಚೌಕದ ಮೂಲೆಗಳಾಗುವಂತೆ ಪರ್ಸ್ಪೆಕ್ಟಿವ್ ತಿದ್ದುವ ಸಾಧನದಿಂದ ಚಿತ್ರವನ್ನು ಎಳೆಯಬೇಕು. ನಾಲ್ಕು ಬಿಂದು ಸಾಕು, ಮೂರು ಸಾಲದು. ಮೂರರಿಂದ ಒತ್ತುವಿಕೆಯನ್ನಷ್ಟೇ ತಿದ್ದಬಹುದು, ಹತ್ತಿರ-ದೂರದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಎಳೆದಾದ ಮೇಲೆ ಟ್ರಿಬಲ್ ಬಳೆಯ ಅಡ್ಡವ್ಯಾಸ, ಉದ್ದವ್ಯಾಸ ಮತ್ತೆ ಅಳೆಯಿರಿ. ತಿದ್ದುವಾಗ ಬಳಸದ ವೃತ್ತವೂ ದುಂಡಗೆ ಬಂದಿದ್ದರೆ ಕೆಲಸ ಸರಿಯಾಗಿದೆ. ಬಂದಿಲ್ಲವಾದರೆ ಸಾಮಾನ್ಯವಾಗಿ ತಪ್ಪು ಲೆನ್ಸ್‌ನದು: ಫೋನಿನ ವೈಡ್ ಲೆನ್ಸ್ ಅಂಚಿನ ಗೆರೆಗಳನ್ನು ಬಗ್ಗಿಸುತ್ತದೆ, ಅದನ್ನು ಚೌಕ ಎಳೆದು ಸರಿಮಾಡಲಾಗದು.

ಬಳೆ ಮತ್ತು ಹೋಳು

ಈಗ ಟ್ರಿಬಲ್ 20, ಅಂದರೆ ಒಂದೇ ಡಾರ್ಟಿಗೆ 60 ಅಂಕ ಕೊಡುವ ಚಿಕ್ಕ ಕಂಡಿ. ಟ್ರಿಬಲ್ ಬಳೆಯ ಪಾಲು 0.0570, ಹೋಳಿನ ಪಾಲು 1/20. ಗುಣಿಸಿದರೆ 0.00285, ಸುಮಾರು 351 ಎಸೆತಕ್ಕೊಂದು.

ಗುಣಿಸಬಹುದು ಎಂದು ಹೇಗೆ ಗೊತ್ತು? ಪ್ರತಿ ಬಳೆಯೂ ಇಪ್ಪತ್ತು ಹೋಳುಗಳಿಗೆ ಸಮನಾಗಿ ಹಂಚಿಹೋಗಿದೆ. ಡಾರ್ಟ್ ಯಾವ ಬಳೆಯಲ್ಲಿದೆ ಎಂದು ತಿಳಿದರೂ ಯಾವ ಹೋಳು ಎಂಬ ಬಗ್ಗೆ ಹೊಸ ಸುಳಿವೇನೂ ಸಿಗುವುದಿಲ್ಲ. ಪಿಯುಸಿ ಪಠ್ಯಗಳ ‘ಸ್ವತಂತ್ರ ಘಟನೆ’ ಎನ್ನುವ ಮಾತಿಗೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಕಡಿಮೆ. ಬುಲ್ ಮಾತ್ರ ಇದಕ್ಕೆ ಅಪವಾದ, ಅದು ಯಾವ ಹೋಳಿಗೂ ಸೇರಿಲ್ಲ. ‘20ರ ಹೋಳಿನ ಅಂಕ ಬಂತು’ ಎಂದು ತಿಳಿದರೆ ಬುಲ್ ಅಲ್ಲ ಎಂದಂತೂ ಖಚಿತವಾಯಿತು, ಅಷ್ಟರ ಮಟ್ಟಿಗೆ ಬಳೆ ಮತ್ತು ಹೋಳು ಸ್ವತಂತ್ರವಲ್ಲ. ಬುಲ್‌ನ ಒಟ್ಟು ಪಾಲು ಒಂದು ಶೇಕಡಾಕ್ಕಿಂತ ಕಡಿಮೆ ಇರುವುದರಿಂದ ಉತ್ತರಕ್ಕೆ ಪೆಟ್ಟು ಬೀಳುವುದಿಲ್ಲ. ಸಂದೇಹವಿದ್ದರೆ ನೇರವಾಗಿ ವಿಸ್ತೀರ್ಣವನ್ನೇ ತೆಗೆದುಕೊಳ್ಳುವುದು ಸುರಕ್ಷಿತ.

ಒಂದು ಅಂಕ ಹಲವು ದಾರಿಯಿಂದ ಬರುವುದಾದರೆ ಆ ದಾರಿಗಳನ್ನು ಕೂಡಬೇಕು, ಗುಣಿಸಬಾರದು. ಒಂದೇ ಡಾರ್ಟಿನಿಂದ 20 ಅಂಕ ಬರಲು 20ರ ಸಿಂಗಲ್ ಆಗಬೇಕು (0.0421), ಇಲ್ಲವೇ 10ರ ಡಬಲ್ (0.0046). ಕೂಡಿದರೆ 4.67 ಶೇಕಡಾ. 6 ಅಂಕಕ್ಕೆ ಮೂರು ದಾರಿ: 6ರ ಸಿಂಗಲ್, 3ರ ಡಬಲ್, 2ರ ಟ್ರಿಬಲ್. ಹಾಗಾಗಿ 4.96 ಶೇಕಡಾ. ಯದ್ವಾತದ್ವಾ ಎಸೆಯುವವನಿಗೆ 20 ಅಂಕಕ್ಕಿಂತ 6 ಅಂಕವೇ ತುಸು ಹೆಚ್ಚು ಬಾರಿ ಬರುತ್ತದೆ.

ಮೂರು ಎಸೆತ

ಒಂದು ಸರದಿಗೆ ಮೂರು ಡಾರ್ಟ್. ಮೂರರಲ್ಲಿ ಒಂದಾದರೂ ಡಬಲ್‌ಗೆ ಬೀಳುವ ಸಂಭವನೀಯತೆ ಎಷ್ಟು? 9.19ನ್ನು ಮೂರರಿಂದ ಗುಣಿಸಿ 27.6 ಎನ್ನುವುದು ಎಲ್ಲರೂ ಮೊದಲು ಕೊಡುವ ಉತ್ತರ. ಆದರೆ ಎರಡು ಡಬಲ್ ಬಿದ್ದ ಸರದಿಯನ್ನು ಅದು ಎರಡು ಬಾರಿ ಎಣಿಸುತ್ತದೆ. ಇದೇ ರೀತಿ ಮುಂದುವರಿದು ಹನ್ನೊಂದು ಡಾರ್ಟಿಗೆ ಲೆಕ್ಕ ಹಾಕಿದರೆ 101 ಶೇಕಡಾ ಬರುತ್ತದೆ, ತಪ್ಪು ಅಲ್ಲಿ ತಾನಾಗಿ ಬಯಲಾಗುತ್ತದೆ.

ಸರಿಯಾದ ದಾರಿ ಉಲ್ಟಾ ಕಡೆಯಿಂದ. ಒಂದು ಡಾರ್ಟ್ ಡಬಲ್ ತಪ್ಪುವ ಸಂಭವನೀಯತೆ 0.9081. ಎಸೆತಗಳು ಸ್ವತಂತ್ರವಾದರೆ ಮೂರೂ ತಪ್ಪುವುದು 0.9081ರ ಘನ, ಅಂದರೆ 0.749. ಅದನ್ನು 1ರಿಂದ ಕಳೆದರೆ 0.251, ಸುಮಾರು ನಾಲ್ಕು ಸರದಿಗೊಮ್ಮೆ. ಸರಿಯಾಗಿ ಒಂದೇ ಡಬಲ್ ಬೇಕಿದ್ದರೆ ಅದು ಮೊದಲ, ಎರಡನೆಯ ಅಥವಾ ಮೂರನೆಯ ಡಾರ್ಟ್ ಆಗಿರಬಹುದು. ಹಾಗಾಗಿ 3 × 0.0919 × 0.9081², ಅಂದರೆ 22.7 ಶೇಕಡಾ. ಮುಂದಿನ ಆ 3ನ್ನು ಮರೆಯುವುದು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮಾಮೂಲು.

ಮೂರೂ ಟ್ರಿಬಲ್ 20ಕ್ಕೆ ಬಿದ್ದು 180 ಅಂಕ ಆಗುವ ಸಂಭವನೀಯತೆ 0.00285ರ ಘನ: ಸುಮಾರು 4.3 ಕೋಟಿ ಸರದಿಗೊಮ್ಮೆ. ಇಲ್ಲಿ ಮುಂದೆ 3 ಬರುವುದಿಲ್ಲ, ಯಾಕೆಂದರೆ ಮೂರೂ ಒಂದೇ ಕಡೆ ಬೀಳುವುದಕ್ಕೆ ಒಂದೇ ಕ್ರಮ.

ಲೆಕ್ಕವನ್ನು ಕಂಪ್ಯೂಟರಿನಲ್ಲಿ ಎಸೆದು ನೋಡಿ ಪರೀಕ್ಷಿಸಬಹುದು.

```python
from math import sqrt
from random import random

n, t = 1000000, 0
for i in range(n):
    r = 170 * sqrt(random())
    if 99 < r < 107:
        t += 1
print(t / n)
```

ಉತ್ತರ 0.057ರ ಆಸುಪಾಸಿನಲ್ಲಿ ಬರಬೇಕು. ಇಲ್ಲಿನ `sqrt` ತೆಗೆದರೆ ಪ್ರೋಗ್ರಾಂ ಓಡುತ್ತದೆ, ಯಾವ ದೂರನ್ನೂ ಕೊಡುವುದಿಲ್ಲ, ಆದರೆ ಉತ್ತರ 0.047 ಆಗುತ್ತದೆ. ಆಗ ನಡುವಿನಿಂದ ಇರುವ ದೂರಕ್ಕೆ ಸಮಾನ ಅವಕಾಶ ಕೊಟ್ಟಂತಾಯಿತು, ವಿಸ್ತೀರ್ಣಕ್ಕಲ್ಲ. ನಡುವಿನ ಚಿಕ್ಕ ವೃತ್ತಕ್ಕೂ ಹೊರಗಿನ ದೊಡ್ಡ ಬಳೆಗೂ ಅಷ್ಟಷ್ಟೇ ಡಾರ್ಟ್ ಹಂಚಿ, ಒಳಬುಲ್‌ಗೆ 0.14 ಶೇಕಡಾದ ಬದಲು 3.7 ಶೇಕಡಾ ಬಿದ್ದುಬಿಡುತ್ತದೆ. ಬಿದ್ದ ಬಿಂದುಗಳನ್ನು ಚಿತ್ರಿಸಿ ನೋಡಿದರೆ ನಡುವೆ ಕಪ್ಪಗೆ ಗುಂಪುಗಟ್ಟಿರುವುದು ಕಾಣುತ್ತದೆ.

ಮನುಷ್ಯ ಎಸೆದಾಗ

ಗುರಿಯಿಟ್ಟ ಎಸೆತಗಳು ಗುರಿಯ ಸುತ್ತ ದಟ್ಟವಾಗಿ, ದೂರ ಹೋದಂತೆ ವಿರಳವಾಗಿ ಬೀಳುತ್ತವೆ. ಬುಲ್‌ಗೆ ಗುರಿಯಿಟ್ಟು, ಅಡ್ಡಕ್ಕೂ ಉದ್ದಕ್ಕೂ 40 ಮಿ.ಮೀ. ಮಾನಕ ವಿಚಲನೆ ಇರುವ ಸಾಮಾನ್ಯ ವಿತರಣೆಯಂತೆ ಎಸೆಯುವವರಿಗೆ r ತ್ರಿಜ್ಯದೊಳಗೆ ಬೀಳುವ ಸಂಭವನೀಯತೆ 1 − e^(−r²/3200). ಹೊರಬುಲ್‌ನ ತ್ರಿಜ್ಯ 15.9 ಮಿ.ಮೀ. ಹಾಕಿದರೆ ಎರಡೂ ಬುಲ್ ಸೇರಿ 7.6 ಶೇಕಡಾ ಬರುತ್ತದೆ, ವಿಸ್ತೀರ್ಣದ ಲೆಕ್ಕ ಹೇಳಿದ್ದು 0.87. ಟ್ರಿಬಲ್ ಬಳೆ ಅದೇ ಕೈಯಲ್ಲಿ 5.7ರಿಂದ 1.9ಕ್ಕೆ ಇಳಿಯುತ್ತದೆ. ಸರಾಸರಿ ಅಂಕವೂ ಹಾಗೆಯೇ: ವಿಸ್ತೀರ್ಣದ ಲೆಕ್ಕದಲ್ಲಿ ಒಂದು ಡಾರ್ಟಿಗೆ 12.8 ಅಂಕ, ಪಳಗಿದ ಕೈಯವರಿಗೆ ಇದು ಬಹಳ ಕಮ್ಮಿ.

ಸ್ವತಂತ್ರ ಎಸೆತ ಎಂಬ ಷರತ್ತೂ ಬೋರ್ಡಿನ ಮುಂದೆ ಸಡಿಲವಾಗುತ್ತದೆ. ಟ್ರಿಬಲ್ 20ರ ಕಂಡಿ ಸುಮಾರು 32 ಮಿ.ಮೀ. ಉದ್ದ, 8 ಮಿ.ಮೀ. ಅಗಲ. ಡಾರ್ಟಿನ ಹಿಡಿಯೇ ಆರೇಳು ಮಿಲಿಮೀಟರ್ ದಪ್ಪ. ಮೊದಲ ಡಾರ್ಟ್ ಅಲ್ಲಿ ಚುಚ್ಚಿಕೊಂಡು ನಿಂತ ಮೇಲೆ ಎರಡನೆಯದಕ್ಕೆ ಉಳಿದ ಜಾಗವೇ ಬೇರೆ. ಅದು ಮೊದಲನೆಯದಕ್ಕೆ ತಗುಲಿ ಪಕ್ಕಕ್ಕೆ ಜಾರಬಹುದು, ಅದನ್ನೇ ಸವರಿಕೊಂಡು ಒಳಗೂ ಹೋಗಬಹುದು. ಜೊತೆಗೆ ಮೊದಲ ಡಾರ್ಟ್ ಎಡಕ್ಕೆ ಹೋದದ್ದನ್ನು ಕಂಡು ಎರಡನೆಯದನ್ನು ಬಲಕ್ಕೆ ತಿದ್ದುವವರು ಇರುತ್ತಾರೆ, ಅದೂ ಒಂದು ಎಸೆತವನ್ನು ಇನ್ನೊಂದಕ್ಕೆ ಕಟ್ಟುತ್ತದೆ.

ಕಟ್ಟು ಇದೆಯೋ ಇಲ್ಲವೋ ಎಂದು ನೋಡಲು ಒಂದೇ ಗುರಿಗೆ ಎಸೆದ ಸರದಿಗಳನ್ನು ಎರಡು ಗುಂಪು ಮಾಡಿ: ಮೊದಲ ಡಾರ್ಟ್ ಗುರಿಗೆ ಬಿದ್ದವು, ಬೀಳದವು. ಪ್ರತಿ ಗುಂಪಿನಲ್ಲೂ ಎರಡನೆಯ ಡಾರ್ಟ್ ಗುರಿಗೆ ಬಿದ್ದ ಪ್ರಮಾಣ ತೆಗೆಯಿರಿ. ಸ್ವತಂತ್ರವಾದರೆ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಟ್ರಿಬಲ್ 20ರಂಥ ಅಪರೂಪದ ಗುರಿಗೆ ಮೊದಲ ಗುಂಪಿನಲ್ಲಿ ನಾಲ್ಕೈದು ಸರದಿಯಷ್ಟೇ ಸಿಗುತ್ತವೆ, ಅಷ್ಟರಿಂದ ಏನೂ ಹೇಳಲಾಗದು. 20ರ ಇಡೀ ಹೋಳನ್ನೇ ಗುರಿಯಾಗಿ ಇಟ್ಟುಕೊಂಡು ಎಣಿಸಿದರೆ ಸಾಕಷ್ಟು ಸರದಿಗಳು ಕೈಗೆ ಬರುತ್ತವೆ.